ಡಬ್ಬಿ ಚಂದ ಐತಿ ಅಂತ ಇಟ್ಕೊಂಡೀನಿ: ಸಿಗರೇಟ್ ಪ್ಯಾಕಿನ ಬಣ್ಣ ಕಿತ್ತರೆ ಏನಾಗುತ್ತದೆ?

ಹೋದ ತಿಂಗಳು ವಿಜಯಪುರದಲ್ಲಿ ಅಣ್ಣನ ಮನೆಗೆ ಹೋಗಿದ್ದೆ. ಅಣ್ಣನ ಮಗ ಪಿಯುಸಿ ಎರಡನೇ ವರ್ಷ ಓದುತ್ತಿದ್ದಾನೆ. ಅವನ ಓದುವ ಟೇಬಲ್ ಮೇಲೆ ಒಂದು ಸಿಗರೇಟ್ ಪ್ಯಾಕ್ ಕಂಡಿತು. ಎದೆ ಧಸಕ್ಕೆಂದಿತು. ತೆಗೆದು ನೋಡಿದರೆ ಒಳಗೆ ಇಯರ್‌ಫೋನ್, ಒಂದು ಪೆನ್‌ಡ್ರೈವ್, ಎರಡು ರಬ್ಬರ್ ಬ್ಯಾಂಡ್. ಅಷ್ಟೇ. "ಕಾಕಾ, ನಾ ಸೇದಂಗಿಲ್ಲ. ಡಬ್ಬಿ ಚಂದ ಐತಿ ಅಂತ ಇಟ್ಕೊಂಡೀನಿ" ಅಂದ. ನಾನು ಅವನನ್ನು ನಂಬಿದೆ, ಈಗಲೂ ನಂಬುತ್ತೇನೆ. ಆದರೆ ಅವನು ಹೇಳಿದ ಮಾತು ಮಾತ್ರ ತಲೆಯಿಂದ ಹೋಗಲಿಲ್ಲ.

ಆ ಡಬ್ಬಿಯನ್ನು ಕೈಯಲ್ಲಿ ಹಿಡಿದು ಸರಿಯಾಗಿ ನೋಡಿದೆ. ಮುಚ್ಚಳ ಹಾಕಿದರೆ ಸಣ್ಣಗೆ ಟಕ್ ಅನ್ನುತ್ತದೆ. ಹೆಬ್ಬೆರಳು ಸವರಿದರೆ ಹೆಸರಿನ ಅಕ್ಷರಗಳು ಉಬ್ಬಿಕೊಂಡಿರುವುದು ಗೊತ್ತಾಗುತ್ತದೆ. ಬೆಳಕಿಗೆ ಹಿಡಿದು ತಿರುಗಿಸಿದರೆ ನೀಲಿ ಬಣ್ಣ ಹೊಳೆಯುತ್ತದೆ. ಮುಂದೆ ಹಿಂದೆ ಎರಡೂ ಕಡೆ ಕ್ಯಾನ್ಸರ್ ಚಿತ್ರ ಇತ್ತಲ್ಲ, ಅದರ ಮೇಲೆ ಅವನು ಕ್ರಿಕೆಟ್ ಸ್ಟಿಕರ್ ಅಂಟಿಸಿಬಿಟ್ಟಿದ್ದ. ಬೇಡದ್ದು ಮುಚ್ಚಿ, ಬೇಕಾದ್ದು ಉಳಿಸಿಕೊಂಡಿದ್ದ. ಪಕ್ಕದ ಪಟ್ಟಿ, ಮುಚ್ಚಳದ ಮೇಲ್ಭಾಗ, ಒಳಗಿನ ಬೆಳ್ಳಿ ಹಾಳೆ, ಇವಿಷ್ಟೇ ಸಾಕಾಗಿತ್ತು ಹದಿನೇಳು ವರ್ಷದ ಹುಡುಗನಿಗೆ ಅದು ಚಂದ ಅನಿಸಲು.

ನಮ್ಮ ದೇಶದಲ್ಲಿ ತಂಬಾಕಿನ ಜಾಹೀರಾತು ನಿಂತು ಎರಡು ದಶಕ ಆಯಿತು. 2003ರ ತಂಬಾಕು ನಿಯಂತ್ರಣ ಕಾಯ್ದೆ, ಅಂದರೆ ಕೋಟ್ಪಾ, ಬಂದ ಮೇಲೆ ಟಿವಿ, ಪೇಪರ್, ಹೋರ್ಡಿಂಗ್ ಎಲ್ಲ ಬಂದ್. ಉಳಿದದ್ದು ಅಂಗಡಿ ಮುಂದಿನ ಸಣ್ಣ ಬೋರ್ಡ್ ಮತ್ತು ಈ ಪ್ಯಾಕ್. ಬೋರ್ಡು ಅಂಗಡಿ ಬಿಟ್ಟು ಅಲುಗುವುದಿಲ್ಲ. ಪ್ಯಾಕ್ ಹಾಗಲ್ಲ. ದಿನಕ್ಕೆ ಹತ್ತು ಸಿಗರೇಟ್ ಸೇದುವವನು ಹತ್ತು ಸಲ ಅದನ್ನು ಜೇಬಿನಿಂದ ತೆಗೆಯುತ್ತಾನೆ, ಚಹಾ ಅಂಗಡಿಯ ಟೇಬಲ್ ಮೇಲೆ ಮೊಬೈಲ್ ಪಕ್ಕ ಇಡುತ್ತಾನೆ, ಗೆಳೆಯರ ಮುಂದೆ ಚಾಚುತ್ತಾನೆ. ಕಾಸು ಕೊಟ್ಟು ಕೊಂಡವನೇ ಕಂಪನಿಯ ಜಾಹೀರಾತು ಹೊತ್ತು ತಿರುಗಿದ ಹಾಗೆ. ಅದೂ ಎಂಥ ಜಾಹೀರಾತು! ಟಿವಿಯಲ್ಲಿ ಕಂಡ ಹೀರೋ ಅಲ್ಲ, ನಮ್ಮದೇ ಕಾಲೇಜಿನ ಸೀನಿಯರ್, ನಮ್ಮ ಓಣಿಯ ಅಣ್ಣ. ಹುಡುಗರಿಗೆ ಅದಕ್ಕಿಂತ ದೊಡ್ಡ ಹೀರೋ ಬೇಕಾ?

ಬಣ್ಣಕ್ಕೆ ಇನ್ನೊಂದು ಕೆಲಸವೂ ಇದೆ. ಮೊದಲು ಪ್ಯಾಕ್ ಮೇಲೆ 'ಲೈಟ್', 'ಮೈಲ್ಡ್' ಅಂತ ಬರೆಯುತ್ತಿದ್ದರು. ಅದು ಸುಳ್ಳು ಭರವಸೆ ಅಂತ ಒಂದೊಂದೇ ದೇಶ ಆ ಪದಗಳನ್ನು ತೆಗೆಸಿತು. ಯಾಕೆ ಸುಳ್ಳು ಅಂದರೆ, ಇಂಥ ಸಿಗರೇಟಿನ ಫಿಲ್ಟರ್ ಸುತ್ತ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಿರುತ್ತವೆ. ಮಷೀನ್ ಎಳೆದರೆ ಆ ತೂತಿನಿಂದ ಗಾಳಿ ಸೇರಿ ಹೊಗೆ ತೆಳುವಾಗುತ್ತದೆ. ಮನುಷ್ಯ ಸೇದುವಾಗ ಬೆರಳೋ ತುಟಿಯೋ ತೂತು ಮುಚ್ಚುತ್ತದೆ, ಕಿಕ್ ಸಾಲದಿದ್ದರೆ ಇನ್ನೂ ಜೋರಾಗಿ ಎಳೆಯುತ್ತಾನೆ, ಒಳಗೆ ಹೋಗುವ ವಿಷ ಬೇರೆ ಸಿಗರೇಟಿನಷ್ಟೇ. ಪದ ಹೋಯಿತು, ಆದರೆ ಬಣ್ಣ ಉಳಿಯಿತು. ಕೆಂಪು ಅಂದರೆ ಸ್ಟ್ರಾಂಗ್, ತಿಳಿ ನೀಲಿ ಅಥವಾ ಬಿಳಿ ಅಂದರೆ ಸಾಫ್ಟ್, ಹಸಿರು ಅಂದರೆ ತಂಪು. ಯಾರೂ ಹೇಳಿಕೊಡದಿದ್ದರೂ ಹುಡುಗರು ಹಾಗೇ ಓದಿಕೊಳ್ಳುತ್ತಾರೆ. ಮೊದಲ ಸಲ ಸೇದುವವನಿಗೆ ಕೆಂಪು ಡಬ್ಬಿ ಹೆದರಿಕೆ ಹುಟ್ಟಿಸಬಹುದು, ತಿಳಿ ಬಣ್ಣದ ಡಬ್ಬಿ 'ಇದೇನೂ ಮಾಡಲ್ಲ, ಒಂದು ನೋಡು' ಅನ್ನುತ್ತದೆ.

ಇದನ್ನು ಬೇರಿನಿಂದ ಕಿತ್ತು ನೋಡಿದ ಮೊದಲ ದೇಶ ಆಸ್ಟ್ರೇಲಿಯಾ. 2011ರಲ್ಲಿ ಕಾಯ್ದೆ ಮಾಡಿ, 2012ರ ಡಿಸೆಂಬರ್ 1ರಿಂದ ಅಂಗಡಿಗಳಲ್ಲಿ ಪ್ಲೇನ್ ಪ್ಯಾಕ್ ಬಿಟ್ಟು ಬೇರೆ ಯಾವುದನ್ನೂ ಮಾರುವಂತಿಲ್ಲ ಅಂದಿತು. ಪ್ಲೇನ್ ಅಂದ ತಕ್ಷಣ ಬಿಳಿ ಡಬ್ಬಿ ಅಂದುಕೊಳ್ಳುವವರು ಜಾಸ್ತಿ. ಬಿಳಿ ಮಾಡಿದ್ದರೆ ಕೆಲಸ ಕೆಟ್ಟಿರುತ್ತಿತ್ತು. ಈಗ ತಾನೇ ಹೇಳಿದೆನಲ್ಲ, ಬಿಳಿ ಅಂದರೆ ಸಾಫ್ಟ್, ಕ್ಲೀನ್ ಅನ್ನುವ ಭಾವನೆ. ಅದಕ್ಕೇ ಅಲ್ಲಿನ ಸರ್ಕಾರ ಮಾರುಕಟ್ಟೆ ಸಂಶೋಧನೆ ಮಾಡುವವರನ್ನು ಕೂರಿಸಿ, ಸೇದುವವರಿಗೆ ಬೇರೆ ಬೇರೆ ಬಣ್ಣದ ಡಬ್ಬಿ ತೋರಿಸಿ, ಯಾವುದು ಎಲ್ಲಕ್ಕಿಂತ ಕಡಿಮೆ ಇಷ್ಟ ಅಂತ ಹಲವು ಸುತ್ತು ಕೇಳಿಸಿತು. ಕೊನೆಗೆ ಉಳಿದದ್ದು ಪ್ಯಾಂಟೋನ್ 448 ಸಿ ಅನ್ನುವ ಬಣ್ಣ. ಕಂದೂ ಅಲ್ಲ, ಹಸಿರೂ ಅಲ್ಲ, ಮಳೆಗಾಲದ ಚರಂಡಿ ನೀರು ನಿಂತು ಒಣಗಿದ ಮೇಲೆ ಉಳಿಯುವ ರಾಡಿ ಇರುತ್ತದಲ್ಲ, ಹೆಚ್ಚುಕಡಿಮೆ ಅದೇ. ಮೊದಲು ಅದನ್ನು ಆಲಿವ್ ಹಸಿರು ಅಂತ ಕರೆದರಂತೆ. ಆಲಿವ್ ಬೆಳೆಗಾರರು ನಮ್ಮ ಬೆಳೆಯ ಹೆಸರು ಕೆಡಿಸಬೇಡಿ ಅಂದ ಮೇಲೆ 'ಮಂಕು ಕಡು ಕಂದು' ಅಂತ ಬದಲಾಯಿಸಿದರು.

ಬಣ್ಣ ಒಂದರಲ್ಲೇ ಬಿಡಲಿಲ್ಲ. ಲೋಗೋ ಇಲ್ಲ. ಉಬ್ಬು ಅಕ್ಷರ ಇಲ್ಲ. ಹೊಳಪು ಇಲ್ಲ, ಡಬ್ಬಿಯ ಮೈ ಮ್ಯಾಟ್ ಆಗಿರಬೇಕು. ಅಂಚು ದುಂಡಗೆ ಇರುವಂತಿಲ್ಲ, ಮುಚ್ಚಳ ಒಂದೇ ರೀತಿ ತೆರೆಯಬೇಕು. ಕಂಪನಿಯ ಹೆಸರು ಇರಬಹುದು, ಆದರೆ ಎಲ್ಲರದ್ದೂ ಲೂಸಿಡಾ ಸಾನ್ಸ್ ಅನ್ನುವ ಒಂದೇ ಅಕ್ಷರ ಶೈಲಿ, ಒಂದೇ ಅಳತೆ, ಒಂದೇ ಜಾಗ. ಮುಂದಿನ ಭಾಗದ 75%, ಹಿಂದಿನ 90% ಎಚ್ಚರಿಕೆ ಚಿತ್ರಕ್ಕೆ. ನನಗೆ ಅತಿ ಮುಖ್ಯ ಅನಿಸಿದ್ದು ಇನ್ನೊಂದು: ಒಳಗಿನ ಸಿಗರೇಟಿಗೂ ಇದೇ ನಿಯಮ. ಅದರ ಮೇಲೆ ಹೆಸರಿಲ್ಲ, ಬಂಗಾರದ ಉಂಗುರದಂಥ ಗೆರೆ ಇಲ್ಲ, ಬಣ್ಣದ ಫಿಲ್ಟರ್ ಇಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ನಮ್ಮ ಊರಿನ ವಿಷಯಕ್ಕೆ ಬಂದಾಗ ಇದೇ ಬೇಕಾಗುತ್ತದೆ.

ಯಾರನ್ನು ಮನಸ್ಸಲ್ಲಿಟ್ಟುಕೊಂಡು ಇಷ್ಟೆಲ್ಲ? ಇಲ್ಲೇ ಬಹಳ ಜನ ಎಡವುತ್ತಾರೆ. ಇಪ್ಪತ್ತು ವರ್ಷದಿಂದ ಸೇದುವ ನಮ್ಮ ಮಾವನಿಗೆ ಡಬ್ಬಿ ಯಾವ ಬಣ್ಣ ಇದ್ದರೂ ಒಂದೇ, ಅವರಿಗೆ ನಿಕೋಟಿನ್ ಬೇಕು, ಪೇಪರಿನಲ್ಲಿ ಕಟ್ಟಿಕೊಟ್ಟರೂ ತಗೊಳ್ಳುತ್ತಾರೆ. 'ಡಬ್ಬಿ ಬದಲಾದರೆ ಸೇದೋದು ಬಿಡ್ತಾರಾ?' ಅಂತ ಕೇಳುವವರು ಅವರನ್ನೇ ನೋಡಿ ಕೇಳುತ್ತಾರೆ. ಬ್ರಿಟನ್ನಿನ ಬ್ರಿಸ್ಟಲ್ ವಿಶ್ವವಿದ್ಯಾಲಯದವರು ಮಾಡಿ 2011ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಈ ವ್ಯತ್ಯಾಸವನ್ನು ಚೆನ್ನಾಗಿ ತೋರಿಸುತ್ತದೆ. ಕಣ್ಣು ಎಲ್ಲಿ ನೋಡುತ್ತಿದೆ ಅಂತ ಅಳೆಯುವ ಉಪಕರಣದ ಮುಂದೆ ಜನರನ್ನು ಕೂರಿಸಿ, ಬಣ್ಣದ ಡಬ್ಬಿ ಮತ್ತು ಪ್ಲೇನ್ ಡಬ್ಬಿ ತೋರಿಸಿದರು. ಸೇದದವರು ಮತ್ತು ದಿನಾ ಅಲ್ಲದಿದ್ದರೂ ವಾರಕ್ಕೊಮ್ಮೆಯಾದರೂ ಸೇದುವವರ ಕಣ್ಣು ಪ್ಲೇನ್ ಡಬ್ಬಿಯಲ್ಲಿ ಎಚ್ಚರಿಕೆಯ ಕಡೆ ಹೆಚ್ಚು ಹೋಯಿತು. ದಿನಾ ಸೇದುವವರ ಕಣ್ಣಿಗೆ ಯಾವ ಫರಕೂ ಆಗಲಿಲ್ಲ. ಅಂದರೆ ಬಣ್ಣ ಇರುವ ತನಕ ಅದು ಎಚ್ಚರಿಕೆಯಿಂದ ಕಣ್ಣನ್ನು ತನ್ನ ಕಡೆ ಎಳೆಯುತ್ತಿತ್ತು. ಬಣ್ಣ ಹೋದ ಮೇಲೆ ನೋಡಲು ಬೇರೇನೂ ಉಳಿಯಲಿಲ್ಲ. ಲಾಭ ಆದದ್ದು ಇನ್ನೂ ಚಟಕ್ಕೆ ಬೀಳದವರಿಗೆ.

ನಾವು ಶಾಲೆಗೆ ಹೋಗುವಾಗ ಜೂನ್ ತಿಂಗಳಲ್ಲಿ ಎಲ್ಲ ನೋಟ್‌ಬುಕ್ಕಿಗೂ ಕಂದು ರಟ್ಟಿನ ಪೇಪರಿನ ಕವರ್ ಹಾಕುತ್ತಿದ್ದೆವು, ನೆನಪಿದೆಯಾ? ಒಳಗೆ ಮುಖಪುಟದ ಮೇಲೆ ಕಾರು ಇರಲಿ, ಹೀರೋ ಇರಲಿ, ಮೇಲೆ ಎಲ್ಲರದ್ದೂ ಒಂದೇ ಕಂದು, ಒಂದು ಬಿಳಿ ಲೇಬಲ್. ಕ್ಲಾಸಿನಲ್ಲಿ ಯಾರ ನೋಟ್‌ಬುಕ್ಕೂ ಮೆರೆಯುತ್ತಿರಲಿಲ್ಲ. ಪ್ಲೇನ್ ಪ್ಯಾಕ್ ಮಾಡುವುದೂ ಇದನ್ನೇ. ತೋರಿಸಿಕೊಳ್ಳುವ ಸುಖ ಕಿತ್ತುಕೊಳ್ಳುತ್ತದೆ.

ಮೆಲ್ಬರ್ನ್ ಮತ್ತು ಅಡಿಲೇಡ್ ನಗರಗಳಲ್ಲಿ ಸಂಶೋಧಕರು ರಸ್ತೆ ಬದಿಯ ಕೆಫೆಗಳ ಟೇಬಲ್‌ಗಳನ್ನು ಎಣಿಸಿದ್ದರು. ಕಾಯ್ದೆಗೆ ಮೊದಲು ಒಂದು ಬೇಸಿಗೆ, ಆಮೇಲೆ ಒಂದು ಬೇಸಿಗೆ. ಟೇಬಲ್ ಮೇಲೆ ಕಾಣುವಂತೆ ಇಟ್ಟ ಪ್ಯಾಕುಗಳು ಕಡಿಮೆಯಾಗಿದ್ದವು, ಅದರಲ್ಲೂ ಮಕ್ಕಳು ಕೂತಿದ್ದ ಕಡೆ. ಇಟ್ಟವರಲ್ಲೂ ಕೆಲವರು ಏನಾದರೂ ಮುಚ್ಚಿ ಇಡುತ್ತಿದ್ದರು. ಸೇದುವವರನ್ನು ಕೇಳಿದಾಗ ಪ್ಲೇನ್ ಪ್ಯಾಕಿನವರು ಸಿಗರೇಟಿನ ಗುಣಮಟ್ಟ ಇಳಿದಿದೆ, ಮೊದಲಿನಷ್ಟು ಸಮಾಧಾನ ಇಲ್ಲ ಅಂದರು. ಬದಲಾದದ್ದು ಡಬ್ಬಿ, ದೂರು ಬಂದದ್ದು ರುಚಿಯ ಮೇಲೆ! ಸಿಡ್ನಿ ಇರುವ ರಾಜ್ಯದಲ್ಲಿ ಚಟ ಬಿಡಿಸುವ ಸಹಾಯವಾಣಿಗೆ ಬರುವ ಕರೆಗಳು 78% ಏರಿದವು. ಆ ಏರಿಕೆ ಕೆಲವೇ ವಾರಗಳಲ್ಲಿ ತುದಿ ಮುಟ್ಟಿ ಮತ್ತೆ ಇಳಿಯಿತು ಅನ್ನುವುದನ್ನೂ ಹೇಳಬೇಕು.

ಹಾಗಾದರೆ ಸೇದುವವರು ಎಷ್ಟು ಕಡಿಮೆಯಾದರು? ಆಸ್ಟ್ರೇಲಿಯಾ ಸರ್ಕಾರ 2016ರಲ್ಲಿ ಪ್ರಕಟಿಸಿದ ಪರಿಶೀಲನೆಯಲ್ಲಿ ಇದಕ್ಕೆ ಉತ್ತರವಿದೆ. ಹದಿನಾಲ್ಕು ದಾಟಿದವರಲ್ಲಿ ಸೇದುವವರ ಪ್ರಮಾಣ ಬದಲಾವಣೆಗೆ ಮೊದಲಿನ ಸುಮಾರು ಮೂರು ವರ್ಷಗಳಲ್ಲಿ ಸರಾಸರಿ 19.4% ಇದ್ದದ್ದು ಆಮೇಲಿನ ಸುಮಾರು ಮೂರು ವರ್ಷಗಳಲ್ಲಿ 17.2%ಗೆ ಇಳಿದಿತ್ತು. ಆ 2.2ರಲ್ಲಿ 0.55 ಮಾತ್ರ ಪ್ಯಾಕಿನ ಬದಲಾವಣೆಯಿಂದ ಅಂತ ಲೆಕ್ಕ ಹಾಕಿದರು. ಅಂದರೆ ಇಳಿಕೆಯ ಕಾಲು ಭಾಗ. ಸಾವಿರ ಜನರಲ್ಲಿ ಐದಾರು ಮಂದಿ. ಅದರಲ್ಲೂ ಪ್ಲೇನ್ ಡಬ್ಬಿಯ ಜೊತೆಗೆ ಎಚ್ಚರಿಕೆ ಚಿತ್ರ ದೊಡ್ಡದಾದದ್ದೂ ಸೇರಿದೆ. ಉಳಿದ ಮುಕ್ಕಾಲು ಬೆಲೆ ಏರಿಕೆ, ತೆರಿಗೆ, ಮೊದಲಿಂದಲೇ ನಡೆದಿದ್ದ ಇಳಿಕೆ ಇವುಗಳಿಗೆ ಸೇರಬೇಕು. ಪ್ಲೇನ್ ಪ್ಯಾಕ್ ಬಂದರೆ ಸಿಗರೇಟೇ ನಿಂತುಹೋಗುತ್ತದೆ ಅನ್ನುವವರ ಮಾತು ನಂಬಬೇಡಿ. ಏನೂ ಆಗಲ್ಲ ಅನ್ನುವ ಕಂಪನಿಗಳ ಮಾತನ್ನೂ ನಂಬಬೇಡಿ. ಏನೂ ಆಗದಿದ್ದರೆ ಅವು ಅಷ್ಟು ದುಡ್ಡು ಸುರಿದು ಕೋರ್ಟಿಗೆ ಹೋಗುತ್ತಿದ್ದವಾ?

ಕೋರ್ಟಿನ ಕಥೆ ಬೇಗ ಹೇಳಿ ಮುಗಿಸುತ್ತೇನೆ. ಟ್ರೇಡ್‌ಮಾರ್ಕ್ ನಮ್ಮ ಆಸ್ತಿ, ಸರ್ಕಾರ ಪರಿಹಾರ ಕೊಡದೆ ಕಿತ್ತುಕೊಂಡಿದೆ ಅನ್ನುವುದು ಕಂಪನಿಗಳ ವಾದ. 2012ರಲ್ಲಿ ಆಸ್ಟ್ರೇಲಿಯಾದ ಹೈಕೋರ್ಟ್ (ಅಲ್ಲಿ ಅದೇ ದೇಶದ ಅತಿ ದೊಡ್ಡ ಕೋರ್ಟ್) ಒಪ್ಪಲಿಲ್ಲ. ನಿಮ್ಮಿಂದ ಬಳಸುವ ಹಕ್ಕು ಹೋಗಿರಬಹುದು, ಆದರೆ ಸರ್ಕಾರದ ಕೈಗೆ ಯಾವ ಆಸ್ತಿಯೂ ಬಂದಿಲ್ಲ, ಆದ್ದರಿಂದ ಇದು ಆಸ್ತಿ ಸ್ವಾಧೀನ ಅಲ್ಲ ಅಂತ ತೀರ್ಪು ಕೊಟ್ಟಿತು. ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಹೂಡಿದ ವಿವಾದವೂ 2020ರಲ್ಲಿ ಆಸ್ಟ್ರೇಲಿಯಾ ಪರವಾಗಿಯೇ ಮುಗಿಯಿತು. ಅಷ್ಟರಲ್ಲಿ ಬ್ರಿಟನ್, ಫ್ರಾನ್ಸ್, ಕೆನಡಾ, ನಮ್ಮ ಏಷ್ಯಾದಲ್ಲೇ ಥಾಯ್ಲೆಂಡ್, ಸಿಂಗಪುರ ಎಲ್ಲ ಇದೇ ದಾರಿ ಹಿಡಿದಿದ್ದವು.

ನಮ್ಮಲ್ಲಿ 2016ರ ಏಪ್ರಿಲ್‌ನಿಂದ ಪ್ಯಾಕಿನ ಎರಡೂ ಮುಖದ 85% ಎಚ್ಚರಿಕೆಗೆ ಮೀಸಲು. ಅದರ ವಿರುದ್ಧದ ಕೇಸುಗಳೆಲ್ಲ ನಮ್ಮ ಕರ್ನಾಟಕ ಹೈಕೋರ್ಟಿಗೇ ಬಂದಿದ್ದವು. 2017ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಆ ನಿಯಮ ರದ್ದು ಮಾಡಿತು, 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು, ಚಿತ್ರ ಉಳಿಯಿತು. ಎಚ್ಚರಿಕೆಯ ಅಳತೆಯಲ್ಲಿ ನಾವು ಬಹಳ ದೇಶಗಳಿಗಿಂತ ಮುಂದಿದ್ದೇವೆ. ಆದರೆ ಉಳಿದ 15%, ಪಕ್ಕದ ಪಟ್ಟಿಗಳು, ಮುಚ್ಚಳ, ಒಳಗಿನ ಹಾಳೆ ಕಂಪನಿಗೇ ಬಿಟ್ಟದ್ದು. ನಮ್ಮ ಹುಡುಗ ಸ್ಟಿಕರ್ ಅಂಟಿಸಿ ಉಳಿಸಿಕೊಂಡದ್ದು ಸರಿಯಾಗಿ ಈ ಭಾಗವನ್ನೇ.

ಇಷ್ಟು ತಲೆಯಲ್ಲಿಟ್ಟುಕೊಂಡು ಸಂಜೆ ಹೊತ್ತಿಗೆ ಟ್ಯೂಷನ್ ಕ್ಲಾಸುಗಳು ಸಾಲಾಗಿರುವ ರಸ್ತೆಯ ಒಂದು ಪಾನ್ ಅಂಗಡಿ ಹತ್ತಿರ ಅರ್ಧ ಗಂಟೆ ನಿಂತೆ. ಆಗ ಗೊತ್ತಾಯಿತು, ಆಸ್ಟ್ರೇಲಿಯಾದ ನಿಯಮವನ್ನು ಹಾಗೇ ತಂದು ಇಲ್ಲಿ ಹಾಕಿದರೆ ಅರ್ಧ ಕೆಲಸ ಮಾತ್ರ ಆಗುತ್ತದೆ ಅಂತ. ನಾನು ನಿಂತಷ್ಟು ಹೊತ್ತು ಒಬ್ಬ ಹುಡುಗನೂ ಪೂರ್ತಿ ಪ್ಯಾಕ್ ಕೊಳ್ಳಲಿಲ್ಲ. ಒಂದು, ಎರಡು, ಮೂವರ ನಡುವೆ ಒಂದು. ಅಂಗಡಿಯವರು ತೆರೆದ ಪ್ಯಾಕಿನಿಂದ ಒಂದು ತೆಗೆದು ಕೈಗಿಡುತ್ತಾರೆ, ಹುಡುಗ ದಾರಕ್ಕೆ ತೂಗಿಬಿಟ್ಟ ಲೈಟರ್‌ನಲ್ಲಿ ಹಚ್ಚಿಕೊಂಡು ಗಾಡಿಯ ಹಿಂದೆ ಹೋಗುತ್ತಾನೆ. ಕ್ಯಾನ್ಸರ್ ಚಿತ್ರ ಇರುವ ಡಬ್ಬಿ ಅವನ ಕೈಗೆ ಬರುವುದೇ ಇಲ್ಲ. ಕೋಟ್ಪಾಕ್ಕೆ ಕರ್ನಾಟಕ ತಂದ ತಿದ್ದುಪಡಿ ಕಾಯ್ದೆ 2025ರ ಮೇ ಕೊನೆಗೆ ಜಾರಿಗೆ ಬಂತು. ಅದರ ಪ್ರಕಾರ 21 ತುಂಬದವರಿಗೆ ಮಾರುವಂತಿಲ್ಲ, ಬಿಡಿಯಾಗಿ ಮಾರುವಂತಿಲ್ಲ, ಶಾಲೆ ಕಾಲೇಜಿನಿಂದ 100 ಮೀಟರ್ ಒಳಗೆ ಮಾರುವಂತಿಲ್ಲ. ಆ ಅರ್ಧ ಗಂಟೆಯಲ್ಲಿ ನಾನು ಕಂಡ ಬಹುತೇಕ ಮಾರಾಟದಲ್ಲಿ ಇವುಗಳಲ್ಲಿ ಒಂದಾದರೂ ಮುರಿದಿತ್ತು.

ಹಾಗಂತ ಡಬ್ಬಿಯ ವಿನ್ಯಾಸ ಇಲ್ಲಿ ಲೆಕ್ಕಕ್ಕಿಲ್ಲ ಅನ್ನಬೇಡಿ. ಅದು ಜೇಬಿನಿಂದ ಗೋಡೆಗೆ ಹೋಗಿದೆ, ಅಷ್ಟೇ. ಅಂಗಡಿಯವರು ಕೂರುವ ಜಾಗದ ಹಿಂದೆ ಪ್ಯಾಕುಗಳನ್ನು ಒಂದರ ಮೇಲೊಂದು ಪೇರಿಸಿದ್ದರು, ಚಿತ್ರ ಕಾಣದ ಹಾಗೆ ಪಕ್ಕದ ಪಟ್ಟಿ ಮುಂದೆ ಮಾಡಿ. ದೂರದಿಂದ ನೋಡಿದರೆ ಚಾಕ್ಲೇಟ್ ಅಂಗಡಿಯ ಶೆಲ್ಫ್ ಥರ. ಒಂದೊಂದು ಸಾಲಿಗೆ ಒಂದೊಂದು ಬಣ್ಣ. ಪ್ಯಾಕ್ ಕೊಳ್ಳದ ಹುಡುಗ ನೋಡುವುದು ಈ ಗೋಡೆಯನ್ನು. ಎರಡನೆಯದು, ಕೈಗೆ ಬರುವ ಸಿಗರೇಟ್. ಅದರ ಫಿಲ್ಟರ್ ಮೇಲೆ ಹೆಸರು, ಬಣ್ಣದ ಗೆರೆ, ಕೆಲವದರ ಮೇಲೆ 'ಇಲ್ಲಿ ಒತ್ತು' ಅನ್ನುವ ಗುರುತು. ಒತ್ತಿದರೆ ಒಳಗಿನ ಸಣ್ಣ ಗುಳಿಗೆ ಟಪ್ ಅಂತ ಒಡೆದು ಪುದೀನದ ಘಾಟು ಬರುತ್ತದೆ. ಗಂಟಲಿನ ಉರಿ ಗೊತ್ತಾಗದ ಹಾಗೆ ಮಾಡುವುದು ಅದರ ಕೆಲಸ. ಹೊಸದಾಗಿ ಸೇದುವವನನ್ನು ತಡೆಯುವ ಮೊದಲ ಕೆಮ್ಮನ್ನೇ ಅದು ತೆಗೆದುಬಿಡುತ್ತದೆ.

ಆದ್ದರಿಂದ ನಮ್ಮ ದೇಶದಲ್ಲಿ ಪ್ಲೇನ್ ಪ್ಯಾಕಿಂಗ್ ಬಂದರೆ ಡಬ್ಬಿಗಿಂತ ಮೊದಲು ಸಿಗರೇಟನ್ನೇ ಬೋಳು ಮಾಡಬೇಕು ಅಂತ ನನ್ನ ಅಭಿಪ್ರಾಯ. ಬೇರೆ ಕಡೆ ಇದು ಆಗಿದೆ. ಕೆನಡಾ 2023ರಲ್ಲಿ ನಿಯಮ ತಂದು, ಪ್ರತಿಯೊಂದು ಸಿಗರೇಟಿನ ಮೇಲೂ ಎಚ್ಚರಿಕೆ ಮಾತು ಅಚ್ಚು ಹಾಕಬೇಕು ಅಂದಿತು. ಅಲ್ಲಿ ಲೂಸ್ ಮಾರಾಟ ನಮ್ಮಷ್ಟು ಇಲ್ಲ, ಆದರೂ ಮಾಡಿದರು, ಯಾಕೆಂದರೆ ಹುಡುಗರು ಮೊದಲ ಸಿಗರೇಟನ್ನು ಗೆಳೆಯನಿಂದ ಈಸಿಕೊಂಡು ಸೇದುತ್ತಾರೆ, ಡಬ್ಬಿ ನೋಡಿರುವುದಿಲ್ಲ. ಆಸ್ಟ್ರೇಲಿಯಾವೂ 2025ರ ಏಪ್ರಿಲ್‌ನಿಂದ ಸಿಗರೇಟಿನ ಮೇಲೆ ಎಚ್ಚರಿಕೆ ತಂದಿತು. ಜೊತೆಗೆ ಪುದೀನ ಗುಳಿಗೆಯನ್ನೂ ನಿಲ್ಲಿಸಿತು, ಯಾಕೆಂದರೆ ಬಣ್ಣ ಕಳಕೊಂಡ ಕಂಪನಿಗಳು ಆಗಲೇ ರುಚಿಯ ಕಡೆ, ಉದ್ದುದ್ದ ಹೆಸರಿನ ಕಡೆ ತಿರುಗಿದ್ದವು. ಡಬ್ಬಿಯ ಮೇಲೆ ನೀಲಿ ಬಣ್ಣ ಹಾಕುವಂತಿಲ್ಲ ಅಂದರೆ ಹೆಸರಿನಲ್ಲೇ ನೀಲಿ ಅಂತ ಸೇರಿಸುತ್ತಿದ್ದರು.

ಬೆಳಗಾವಿ ಜಿಲ್ಲೆಯ ನಿಪ್ಪಾಣಿಯವರು ಇದನ್ನು ಓದಿದರೆ ಬೀಡಿ ಏನಾಯ್ತು ಅಂತ ಕೇಳುತ್ತಾರೆ, ಸರಿಯಾದ ಪ್ರಶ್ನೆ. ನಿಪ್ಪಾಣಿ ಸುತ್ತಲಿನ ತಂಬಾಕು ಹೋಗುವುದು ಹೆಚ್ಚಾಗಿ ಬೀಡಿಗೆ, ಅದನ್ನು ಸುತ್ತುವ ಕೈಗಳು ಹೆಣ್ಣುಮಕ್ಕಳವು. ಸಿಗರೇಟಿಗೆ ಮಾತ್ರ ಬಣ್ಣ ತೆಗೆದು ಬೀಡಿ ಕಟ್ಟಿನ ಲೇಬಲ್, ಅಗಿಯುವ ತಂಬಾಕಿನ ಪೊಟ್ಟಣಗಳನ್ನು ಹಾಗೇ ಬಿಟ್ಟರೆ ಅಂಗಡಿಯ ಗೋಡೆ ಮತ್ತೆ ಬಣ್ಣವಾಗುತ್ತದೆ. ಕರ್ನಾಟಕದಲ್ಲಿ ಸೇದುವವರಿಗಿಂತ ಅಗಿಯುವವರೇ ಹೆಚ್ಚು ಅನ್ನುವುದನ್ನೂ ಮರೆಯುವಂತಿಲ್ಲ. ನಿಯಮ ತಂದರೆ ಎಲ್ಲದಕ್ಕೂ ಒಟ್ಟಿಗೆ ತರಬೇಕು.

ಅಂಗಡಿಯವರಿಗೆ ನಾನೊಂದು ಪ್ರಶ್ನೆ ಕೇಳಿದೆ. ಎಲ್ಲ ಡಬ್ಬಿಯೂ ಒಂದೇ ರಾಡಿ ಬಣ್ಣ ಆಗಿಬಿಟ್ಟರೆ ನಿಮಗೆ ಕಷ್ಟ ಆಗುತ್ತಾ ಅಂತ. ಅವರು ಎಲೆಗೆ ಸುಣ್ಣ ಹಚ್ಚುತ್ತಲೇ ಯೋಚನೆ ಮಾಡಿದರು. "ನನಗೇನ್ ಕಷ್ಟ ರೀ? ಹಳೇ ಗಿರಾಕಿ ಹೆಸರ ಹೇಳ್ತಾರ, ತಗದ ಕೊಡ್ತೀನಿ. ಹೊಸಾ ಹುಡುಗ್ರಿಗೇ ತ್ರಾಸ ನೋಡ್ರಿ. ಅವ್ರಿಗೆ ಹೆಸರ ಗೊತ್ತಿರಂಗಿಲ್ಲ. ಆ ನೀಲಿದು ಕೊಡ್ರಿ, ಆ ಹಸರದು ಕೊಡ್ರಿ ಅಂತ ಬೊಟ್ಟು ಮಾಡಿ ತೋರಸ್ತಾರ." ಅಷ್ಟರಲ್ಲಿ ಸೈಕಲ್ ನಿಲ್ಲಿಸಿ ಒಬ್ಬ ಬಂದ. ಬ್ಯಾಗು ಇನ್ನೂ ಬೆನ್ನ ಮೇಲೇ ಇತ್ತು. ನನ್ನನ್ನು ನೋಡಿ ಸ್ವಲ್ಪ ಹಿಂಜರಿದ, ಆಮೇಲೆ ಏನೂ ಮಾತಾಡದೆ ಗೋಡೆಯ ಕಡೆ ಬೆರಳು ತೋರಿಸಿದ.